ಹೊಸ ಬ್ಯಾಟರಿ ಹಾಕಿದರೂ ಎಮರ್ಜೆನ್ಸಿ ಲೈಟ್ ಬೇಗ ಮಂಕಾಗುವುದೇಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆ ಹುಳ ಸಾಕ್ತೀವಿ. ರಾತ್ರಿ ಸೊಪ್ಪು ಹಾಕೋವಾಗ ಕರೆಂಟ್ ಹೋದ್ರೆ ಹುಳ ಮನೆಗೆ ಎಮರ್ಜೆನ್ಸಿ ಲೈಟೇ ಗತಿ. ಅದು ಅರ್ಧ ಗಂಟೆಗೇ ಮಂಕಾಗುತ್ತೆ. ಮೂರು ತಿಂಗಳ ಹಿಂದೆ 6 ವೋಲ್ಟ್ 4.5 ಎಎಚ್ ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಅಂಗಡಿಯವರು ಬ್ಯಾಟರಿ ಡುಪ್ಲಿಕೇಟ್ ಅಂತಾರೆ. ನನ್ನ ಹತ್ರ ಮಲ್ಟಿಮೀಟರ್ ಇದೆ. ಏನು ನೋಡಬೇಕು?

ಉತ್ತರ: ‘ಎರಡು ವಾರ ಚೆನ್ನಾಗಿತ್ತು’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಬ್ಯಾಟರಿಯೇ ಕಳಪೆ ಆಗಿದ್ದರೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಕಮ್ಮಿ ಹೊತ್ತು ಉರಿಯುತ್ತದೆ. ಚೆನ್ನಾಗಿದ್ದ ಹೊಸ ಬ್ಯಾಟರಿ ಹತ್ತು-ಹದಿನೈದು ದಿನ ಉರಿದು ಆಮೇಲೆ ಕೈಕೊಟ್ಟರೆ, ಅದಕ್ಕೆ ಊಟ ಸಾಲುತ್ತಿಲ್ಲ ಅಂತ ಅರ್ಥ. ಸೊಪ್ಪು ಕಮ್ಮಿ ಬಿದ್ದ ಹುಳ ತೆಳ್ಳನೆ ಗೂಡು ಕಟ್ಟಿದರೆ ತಪ್ಪು ಹುಳದ್ದಲ್ಲ, ಅಲ್ವಾ? ಹಾಗಾಗಿ ಮೂರನೇ ಬ್ಯಾಟರಿ ಕೊಳ್ಳುವ ಮೊದಲು ಚಾರ್ಜರನ್ನು ಅಳೆಯಿರಿ. ಆದರೆ ಬ್ಯಾಟರಿ ಬದುಕಿದೆಯೋ ಇಲ್ಲವೋ ಗೊತ್ತಿಲ್ಲದೆ ಚಾರ್ಜರ್ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಶುರು ಬ್ಯಾಟರಿಯಿಂದ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಪ್ಲಗ್ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ ಒಳಗೆ ನೋಡಿ. ಕಬ್ಬಿಣದ ತಗಡಿನ ಸುತ್ತ ತಾಮ್ರದ ತಂತಿ ಸುತ್ತಿದ ಭಾರದ ಗಡ್ಡೆ ಇದ್ದರೆ ಅದು ಟ್ರಾನ್ಸ್‌ಫಾರ್ಮರ್. ಅದಿದ್ದರೆ ಈ ಪರೀಕ್ಷೆಗಳನ್ನು ನೀವೇ ಮಾಡಬಹುದು. ಆದರೂ ಟ್ರಾನ್ಸ್‌ಫಾರ್ಮರ್‌ನ ಮೇನ್ಸ್ ಕಡೆ, ಅಂದರೆ ಪ್ಲಗ್ಗಿನ ವೈರು ಬಂದು ಸೇರುವ ಕಡೆ, ಕೈ ಹೋಗದಂತೆ ಟೇಪ್ ಸುತ್ತಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ಗಿನ ವೈರು ನೇರವಾಗಿ ಬೋರ್ಡಿನ ಮೇಲಿನ ಚಪ್ಪಟೆ ಕೆಪಾಸಿಟರ್‌ಗೆ ಹೋಗಿದ್ದರೆ ಪ್ಲಗ್ ಹಾಕಿ ಏನನ್ನೂ ಮುಟ್ಟಬೇಡಿ. ಅಂಥ ಲೈಟಿನಲ್ಲಿ ಬ್ಯಾಟರಿಯ ಟರ್ಮಿನಲ್ಲು, ಎಲ್‌ಇಡಿಯ ಕಾಲು ಎಲ್ಲವೂ 230 ವೋಲ್ಟ್ ಲೈನಿಗೆ ಸೇರಿಕೊಂಡಿರುತ್ತವೆ. ಮುಟ್ಟಿದರೆ ಜೀವಕ್ಕೆ ಅಪಾಯ. ಅದರ ಚಾರ್ಜರ್ ಪರೀಕ್ಷೆ ರಿಪೇರಿಯವರಿಗೇ ಬಿಡಿ. 6 ವೋಲ್ಟ್ 4.5 ಎಎಚ್ ಅಂದಿದ್ದೀರಿ. ಆ ಅಳತೆಯ ಹಳೆ ಮಾದರಿಯ ಲೈಟುಗಳಲ್ಲಿ ಬಹುತೇಕ ಟ್ರಾನ್ಸ್‌ಫಾರ್ಮರ್ ಇರುತ್ತದೆ. ನಾನು ಮುಂದೆ ಹೇಳುವುದೆಲ್ಲ ಅದಕ್ಕೇ. ಲಿಥಿಯಂ ಸೆಲ್ ಹಾಕಿದ ಹೊಸ ಲೈಟುಗಳಿಗೆ ಈ ಅಂಕಿ ಯಾವುದೂ ಹೊಂದುವುದಿಲ್ಲ.

ನಿಮ್ಮ ಲೈಟು ನನ್ನ ಮುಂದೆ ಇಲ್ಲ. ಆದರೆ ಇದೇ ದೂರಿನ, ಇದೇ ಬ್ಯಾಟರಿಯ ಒಂದು ಲೈಟು ಸ್ವಲ್ಪ ದಿನದ ಹಿಂದೆ ನನ್ನ ಮೇಜಿಗೆ ಬಂದಿತ್ತು. ಚಿಕ್ಕಬಳ್ಳಾಪುರದಲ್ಲಿ ಬೆಳಗಿನ ಜಾವ ಹೂ ಮಾರುವ ಅಕ್ಕ ತಂದಿದ್ದರು. ನಾಲ್ಕರಿಂದ ಆರು ಗಂಟೆವರೆಗೆ ಎರಡು ಗಂಟೆ ಬೆಳಕು ಬೇಕು. ಆದರೆ ಐದಾಗುವ ಮೊದಲೇ ಸೇವಂತಿಗೆ ಯಾವುದು, ಚೆಂಡು ಹೂ ಯಾವುದು ಅಂತ ಕಾಣುತ್ತಿರಲಿಲ್ಲವಂತೆ. ಬ್ಯಾಟರಿ ಹಾಕಿಸಿ ಆರು ವಾರವಾಗಿತ್ತು. ಅವರಿಗೂ ಅಂಗಡಿಯಲ್ಲಿ ‘ಡುಪ್ಲಿಕೇಟ್’ ಅಂದೇ ಹೇಳಿದ್ದರು. ಆ ಲೈಟಿನ ಕಥೆ ಇಟ್ಟುಕೊಂಡೇ ಹೇಳುತ್ತೇನೆ, ನೀವು ಪಕ್ಕದಲ್ಲಿ ನಿಮ್ಮದನ್ನು ಅಳೆಯುತ್ತಾ ಬನ್ನಿ.

ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಗ್ಗೆ ಪ್ಲಗ್ ಕೀಳಿ. ಕಿತ್ತ ತಕ್ಷಣ ಅಳೆಯಬೇಡಿ. ಚಾರ್ಜಿನ ಮೇಲುಮೇಲಿನ ವೋಲ್ಟ್ ಇಳಿಯಲು ಎರಡು ಗಂಟೆ ಬಿಡಿ. ಆಮೇಲೆ ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಟರ್ಮಿನಲ್‌ಗೆ ಹಿಡಿಯಿರಿ. ಈ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಮೂರು ಸೆಲ್ ಇವೆ. ಪೂರ್ತಿ ತುಂಬಿದ್ದರೆ 6.3ರಿಂದ 6.4 ತೋರಿಸಬೇಕು. 6.0 ತೋರಿಸಿದರೆ ಹೆಚ್ಚುಕಮ್ಮಿ ಖಾಲಿ. ಹೌದು, ಡಬ್ಬದ ಮೇಲೆ ಬರೆದಿರುವ ಆರೇ ತೋರಿಸಿದರೂ ಖಾಲಿಯೇ. ತುಂಬ ಜನ ಇಲ್ಲೇ ಮೋಸ ಹೋಗುತ್ತಾರೆ. ನಾಲ್ಕು ಚಿಲ್ಲರೆ ತೋರಿಸಿದರೆ ಒಂದು ಸೆಲ್ ಶಾರ್ಟ್ ಆಗಿದೆ. ಅಂಥದ್ದಕ್ಕೆ ಮುಂದಿನ ಪರೀಕ್ಷೆ ಬೇಡ, ಅದರ ಆಯಸ್ಸು ಮುಗಿದಿದೆ.

ಅಕ್ಕನ ಬ್ಯಾಟರಿ 6.05 ತೋರಿಸಿತು. ಇಷ್ಟಕ್ಕೇ ಏನೂ ತೀರ್ಮಾನ ಮಾಡುವಂತಿಲ್ಲ. ಸುಮ್ನೆ ಕೂತ ಬ್ಯಾಟರಿಯ ವೋಲ್ಟ್ ಅಂದರೆ ಕೂತಿರುವ ಎತ್ತಿನ ಬಲ ನೋಡಿದ ಹಾಗೆ. ನೊಗ ಹೂಡಿದ ಮೇಲೆ ತಾನೇ ಗೊತ್ತಾಗುವುದು? ನಾನು ನೊಗ ಅಂತ ಇಟ್ಟುಕೊಂಡಿರುವುದು ಕಾರಿನ ಇಂಡಿಕೇಟರ್ ಬಲ್ಬು, 12 ವೋಲ್ಟ್ 21 ವ್ಯಾಟಿನದು. ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. 6 ವೋಲ್ಟಿಗೆ ಹಾಕಿದರೆ ಅರೆಬೆಳಕಲ್ಲಿ ಉರಿದು ಸುಮಾರು 1.2 ಆಂಪ್ ಎಳೆಯುತ್ತದೆ. ಲೈಟಿನ ಎಲ್‌ಇಡಿಯನ್ನೇ ಉರಿಸಿ ಯಾಕೆ ನೋಡಬಾರದು ಅಂದರೆ, ಎಲ್‌ಇಡಿಯೇ ಕೆಟ್ಟಿದೆಯೋ ಏನೋ ನಮಗಿನ್ನೂ ಗೊತ್ತಿಲ್ಲ. ಬಲ್ಬಿನ ಮೇಲೆ ಆ ಅನುಮಾನ ಇಲ್ಲ.

ಬಲ್ಬು ಹಾಕಿ, ಮೀಟರನ್ನು ಬ್ಯಾಟರಿಯ ಟರ್ಮಿನಲ್ ಮೇಲೇ ಹಿಡಿದು, ಗಡಿಯಾರ ನೋಡಿ. ಚೆನ್ನಾಗಿರುವ, ತುಂಬಿದ ಬ್ಯಾಟರಿ ಮೊದಲ ನಿಮಿಷದಲ್ಲಿ 6.1ರ ಆಸುಪಾಸಿಗೆ ಇಳಿದು, ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. 5.25ಕ್ಕೆ ಬರಲು ಎರಡೂವರೆ ಗಂಟೆ ಹತ್ತಿರ ಹಿಡಿಯಬೇಕು. 4.5 ಎಎಚ್ ಅಂದರೆ 1.2 ಆಂಪಿಗೆ ಮೂರೂಮುಕ್ಕಾಲು ಗಂಟೆ ಬರಬೇಕಲ್ಲ ಅಂತ ಕೇಳಬಹುದು. ಆ 4.5 ಅನ್ನೋದು 20 ಗಂಟೆ ಕಾಲ ಸಣ್ಣಗೆ ಎಳೆದಾಗಿನ ಲೆಕ್ಕ. ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. 5.25 ಮುಟ್ಟಿದ ಕೂಡಲೇ ಬಲ್ಬು ಕಿತ್ತುಬಿಡಿ. ಅದಕ್ಕಿಂತ ಕೆಳಗೆ ಹಿಂಡಿದರೆ ಪರೀಕ್ಷೆಯೇ ಬ್ಯಾಟರಿಯನ್ನು ಕೊಲ್ಲುತ್ತದೆ.

ಅಕ್ಕನದು ಎಂಟೇ ನಿಮಿಷದಲ್ಲಿ 5.4ಕ್ಕೆ ಬಂತು. ಅಂಗಡಿಯವರು ಇದನ್ನೇ ನೋಡಿ ಡುಪ್ಲಿಕೇಟ್ ಅಂದಿರಬೇಕು. ಅವರನ್ನು ದೂರುವಂತಿಲ್ಲ. ಆದರೆ ಸತ್ತ ಬ್ಯಾಟರಿಯೂ ಹೀಗೇ ಇಳಿಯುತ್ತದೆ, ಹಸಿದ ಬ್ಯಾಟರಿಯೂ ಹೀಗೇ ಇಳಿಯುತ್ತದೆ. ಎರಡರ ವ್ಯತ್ಯಾಸ ಗೊತ್ತಾಗುವುದು ಊಟ ಬಡಿಸಿದಾಗ.

ಅದಕ್ಕೆ ನಂಬಿಕಸ್ಥ ಚಾರ್ಜರ್ ಬೇಕು. ಲೈಟಿನ ಒಳಗಿನದು ಬೇಡ, ಅದರ ಮೇಲೇ ಅನುಮಾನ ಇದೆಯಲ್ಲ. ಮೊಬೈಲ್ ರಿಪೇರಿಯವರ ಹತ್ತಿರ ವೋಲ್ಟೂ ಆಂಪೂ ತಿರುಗಿಸಿ ಇಡಬಹುದಾದ ಡಿಸಿ ಪವರ್ ಸಪ್ಲೈ ಇರುತ್ತದೆ. ಶಿಡ್ಲಘಟ್ಟದಲ್ಲಿ ಪರಿಚಯದವರೊಬ್ಬರು ಸಿಕ್ಕೇ ಸಿಗುತ್ತಾರೆ. 7.2 ವೋಲ್ಟ್‌ಗೆ ಇಟ್ಟು, ಕರೆಂಟ್ ಮಿತಿಯನ್ನು 1 ಆಂಪ್‌ಗೆ ಇಟ್ಟು ಬ್ಯಾಟರಿ ಸೇರಿಸಲು ಹೇಳಿ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಹಸಿದ ಬ್ಯಾಟರಿಯಾದರೆ ಆಂಪ್ ಒಂದರ ಹತ್ತಿರವೇ ಗಂಟೆಗಟ್ಟಲೆ ನಿಲ್ಲುತ್ತದೆ. ಒಳಗೆ ಸಲ್ಫೇಟ್ ಗಟ್ಟಿಯಾಗಿ ಕೂತ ಬ್ಯಾಟರಿಯಾದರೆ ವೋಲ್ಟ್ ಕೆಲವೇ ನಿಮಿಷಕ್ಕೆ 7.2ಕ್ಕೆ ಹಾರುತ್ತದೆ, ಆಂಪ್ ನೂರಿನ್ನೂರು ಮಿಲಿಆಂಪಿಗೆ ಕುಸಿಯುತ್ತದೆ. ಬಾಯಿ ತೆರೆಯಲಾರದವನಿಗೆ ಎಷ್ಟು ಬಡಿಸಿದರೇನು?

ಅಕ್ಕನ ಬ್ಯಾಟರಿ ಮೂರು ಗಂಟೆಗೂ ಮೇಲೆ 0.9 ಆಂಪ್ ತಿಂದಿತು. ಆಮೇಲೆ ನಿಧಾನವಾಗಿ ಕಮ್ಮಿಯಾಗುತ್ತಾ 0.1ಕ್ಕಿಂತ ಕೆಳಗೆ ಬಂತು. ಎರಡು ಗಂಟೆ ಬಿಟ್ಟು ಅಳೆದರೆ 6.38. ಮತ್ತೆ ಅದೇ ಬಲ್ಬು ಹಾಕಿದೆ. ಈ ಸಲ 5.25ಕ್ಕೆ ಬರಲು 2 ಗಂಟೆ 20 ನಿಮಿಷ. ಬ್ಯಾಟರಿ ನಿರಪರಾಧಿ!

ನಿಮ್ಮದು ಮೂರು ತಿಂಗಳು ಅರೆಹೊಟ್ಟೆಯಲ್ಲಿ ಇದ್ದಿದೆ. ಇಷ್ಟು ಚೆನ್ನಾಗಿ ವಾಪಸ್ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಖಾಲಿಯಲ್ಲೇ ಜಾಸ್ತಿ ದಿನ ಕೂತಷ್ಟೂ ಸಲ್ಫೇಟ್ ಗಟ್ಟಿಯಾಗುತ್ತದೆ. ಪೂರ್ತಿ ಚಾರ್ಜ್ ಆದ ಮೇಲೂ ಬಲ್ಬು ಪರೀಕ್ಷೆಯಲ್ಲಿ ಒಂದೂಕಾಲು ಗಂಟೆ ದಾಟದಿದ್ದರೆ ಅದನ್ನು ಬದಲಿಸಿ. ಆದರೆ ಹೊಸದನ್ನು ಚಾರ್ಜರ್ ಸರಿಯಾದ ಮೇಲೆ ಹಾಕಿ. ಕೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಹಿಡಿಸಿ ನೋಡಿ. 6.2ಕ್ಕಿಂತ ಕಮ್ಮಿ ತೋರಿಸಿದರೆ ಅದು ಕಪಾಟಿನಲ್ಲೇ ತಿಂಗಳುಗಟ್ಟಲೆ ಕೂತು ಬಡಕಲಾಗಿದೆ, ಬೇಡ. ಮುಚ್ಚಳ ಕಿತ್ತು ಡಿಸ್ಟಿಲ್ಡ್ ವಾಟರ್ ಹಾಕುವ ಉಪಾಯ ಯಾರಾದರೂ ಹೇಳಬಹುದು. ಕೆಲವೊಮ್ಮೆ ಒಂದೆರಡು ತಿಂಗಳು ನಡೆಯುತ್ತದೆ ಕೂಡ. ನನಗೆ ಇಷ್ಟವಿಲ್ಲ. ಒಳಗಿರುವುದು ಗಂಧಕಾಮ್ಲ, ನಿಮ್ಮ ಮನೆಯಲ್ಲಿ ಕೆಳಗೆ ಹುಳದ ತಟ್ಟೆ ಬೇರೆ ಇರುತ್ತದೆ.

ಈಗ ಚಾರ್ಜರ್. ಅಕ್ಕನ ಲೈಟಿನೊಳಗೆ ಇದ್ದದ್ದು ತೀರಾ ಸಾದಾ ಸರ್ಕ್ಯೂಟ್: 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು 4007 ಡಯೋಡ್, ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ 10 ಓಮಿನ ದಪ್ಪ ರೆಸಿಸ್ಟರ್ ಮೂಲಕ ಬ್ಯಾಟರಿಗೆ. ಬ್ಯಾಟರಿ ವೈರು ಬಿಡಿಸಿ, ಪ್ಲಗ್ ಹಾಕಿ, ಚಾರ್ಜರ್ ತುದಿಯಲ್ಲಿ ವೋಲ್ಟ್ ನೋಡಿದರೆ 11.2. ಹಸಿರು ಲೈಟೂ ಉರಿಯುತ್ತಿತ್ತು. ಇಷ್ಟು ನೋಡಿ ‘ಚಾರ್ಜರ್ ಓಕೆ’ ಅಂದುಬಿಡುವವರೇ ಜಾಸ್ತಿ. ಬ್ಯಾಟರಿಯ ವಿಷಯದಲ್ಲಿ ಹೇಳಿದ್ದೇ ಇಲ್ಲೂ ನಿಜ: ಭಾರ ಇಲ್ಲದಾಗ ತೋರಿಸುವ ವೋಲ್ಟ್ ನಂಬಬೇಡಿ. ಚಾರ್ಜರ್‌ನ ನಿಜ ಗೊತ್ತಾಗುವುದು ಅದು ಬ್ಯಾಟರಿಗೆ ತಳ್ಳುವ ಕರೆಂಟಿನಲ್ಲಿ.

ಅದನ್ನು ಅಳೆಯುವುದು ಹೀಗೆ. ಪ್ಲಗ್ ಕಿತ್ತಿರಲಿ. ಮೀಟರಿನ ಕೆಂಪು ವೈರನ್ನು 10 ಆಂಪಿನ ತೂತಿಗೆ ಬದಲಿಸಿ. ಬ್ಯಾಟರಿಯ ಪ್ಲಸ್ ವೈರನ್ನು ಟರ್ಮಿನಲ್‌ನಿಂದ ಕಿತ್ತು, ಆ ವೈರಿಗೂ ಟರ್ಮಿನಲ್‌ಗೂ ನಡುವೆ ಮೀಟರ್ ಸೇರಿಸಿ. ಕ್ಲಿಪ್ ಹಾಕಿ, ಕೈಯಲ್ಲಿ ಹಿಡಿಯಬೇಡಿ. ಬ್ಯಾಟರಿ ಸ್ವಲ್ಪ ಖಾಲಿ ಇರಬೇಕು, ತುಂಬಿದ ಬ್ಯಾಟರಿ ಹೇಗೂ ಕಮ್ಮಿ ತಗೊಳ್ಳುತ್ತದೆ. ಆಮೇಲೆ ಪ್ಲಗ್ ಹಾಕಿ ಅಂಕಿ ನೋಡಿ. ಕೆಲಸ ಮುಗಿದ ತಕ್ಷಣ ಕೆಂಪು ವೈರನ್ನು ವೋಲ್ಟಿನ ತೂತಿಗೆ ವಾಪಸ್ ಹಾಕಿ. ಮರೆತು ಅದೇ ವೈರಿನಲ್ಲಿ ಬ್ಯಾಟರಿಯ ವೋಲ್ಟ್ ನೋಡಲು ಹೋದರೆ ಬ್ಯಾಟರಿಯೇ ಶಾರ್ಟ್. ಇಷ್ಟು ವರ್ಷವಾದರೂ ನಾನೇ ಎರಡು ಸಲ ಕಿಡಿ ಹಾರಿಸಿದ್ದೇನೆ.

ಇಂಥ ಸರ್ಕ್ಯೂಟ್ ಸುಮಾರು 300 ಮಿಲಿಆಂಪ್ ಕೊಡಬೇಕು. ಅಕ್ಕನದು 90 ಕೊಡುತ್ತಿತ್ತು. ಲೆಕ್ಕ ಹಾಕಿ ನೋಡಿ. ಅವರ ಲೈಟು 550 ಮಿಲಿಆಂಪ್ ಎಳೆಯುತ್ತದೆ. ಎರಡು ಗಂಟೆಗೆ 1.1 ಎಎಚ್ ಖರ್ಚು. ಸೀಸದ ಬ್ಯಾಟರಿಗೆ ತೆಗೆದದ್ದಕ್ಕಿಂತ ಆರನೇ ಒಂದು ಪಾಲಿನಷ್ಟು ಜಾಸ್ತಿ ವಾಪಸ್ ಕೊಡಬೇಕು, ಅಂದರೆ 1.3. ಎಂಟು ಗಂಟೆ ಚಾರ್ಜಿಗೆ ಹಾಕಿದರೂ 90 ಮಿಲಿಆಂಪಿನಲ್ಲಿ ಹೋಗುವುದು 0.72 ಮಾತ್ರ. ದಿನಕ್ಕೆ ಅರ್ಧ ಎಎಚ್ ಸಾಲ. 4.5ರ ಬ್ಯಾಟರಿ ಹತ್ತು ದಿನದೊಳಗೆ ತಳ ಕಾಣುತ್ತದೆ. ಅಲ್ಲಿಂದ ಆಚೆ ಆವತ್ತು ತಿಂದದ್ದು ಆವತ್ತಿಗೆ, ಒಂದು ಗಂಟೆಯೊಳಗೆ ಮಂಕು. ನಿಮ್ಮ ‘ಎರಡು ವಾರ’ ಇದೇ ಲೆಕ್ಕಕ್ಕೆ ಹತ್ತಿರ ಇದೆ.

90ಕ್ಕೆ ಯಾಕೆ ಇಳಿಯಿತು? ಒಂದು ಕಾರಣ ಕಣ್ಣಿಗೇ ಕಂಡಿತು. ಕೆಪಾಸಿಟರ್‌ನ ತಲೆ ಪೂರಿಯ ಹಾಗೆ ಉಬ್ಬಿತ್ತು. ಒಣಗಿದ ಕೆಪಾಸಿಟರ್ ಭಾರ ಇಲ್ಲದಾಗ ವೋಲ್ಟ್ ಹಿಡಿದಿಡುತ್ತದೆ, ಕರೆಂಟ್ ಎಳೆದ ತಕ್ಷಣ ಕೈಬಿಡುತ್ತದೆ. 11.2 ನಮ್ಮನ್ನು ಏಮಾರಿಸಿದ್ದು ಹಾಗೆ. ಅದನ್ನು ಬದಲಿಸಿದೆ, 25 ವೋಲ್ಟಿನದು. ಕರೆಂಟ್ 190ಕ್ಕೆ ಏರಿತು. ಆದರೂ 300 ಇಲ್ಲ.

ಇನ್ನು ಉಳಿದದ್ದು ಡಯೋಡ್. ಪ್ಲಗ್ ಕಿತ್ತು, ಬ್ಯಾಟರಿ ಬಿಡಿಸಿ, ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ನಾಲ್ಕನ್ನೂ ನೋಡಿದರೆ ನಾಲ್ಕೂ ಸರಿ! ಒಂದು ಕಡೆ 0.6ರ ಹತ್ತಿರ, ತಿರುಗಿಸಿ ಹಿಡಿದರೆ OL, ಅಂದರೆ ಕರೆಂಟಿಗೆ ದಾರಿ ಇಲ್ಲ. ಇಲ್ಲೊಂದು ಮೋಸ ಇದೆ. ಟ್ರಾನ್ಸ್‌ಫಾರ್ಮರ್‌ನ ಸುತ್ತು ತಂತಿ ಎರಡು ಡಯೋಡಿನ ತುದಿಗಳನ್ನು ಒಂದು ಮಾಡಿಬಿಟ್ಟಿರುತ್ತದೆ. ಒಂದು ಡಯೋಡ್ ಕಟ್ಟಾಗಿದ್ದರೂ ಮೀಟರ್ ಅದರ ಜೊತೆಗಾರನ ಮೂಲಕ ಓದಿ ‘ಸರಿ’ ಅನ್ನುತ್ತದೆ. ಹಾಗಾಗಿ ಟ್ರಾನ್ಸ್‌ಫಾರ್ಮರ್‌ನಿಂದ ಬೋರ್ಡಿಗೆ ಬರುವ ಎರಡು ವೈರಿನಲ್ಲಿ ಒಂದನ್ನು ಬಿಡಿಸಿ ಮತ್ತೆ ನೋಡಬೇಕು. ಬಿಡಿಸಿ ನೋಡಿದೆ. ಒಂದು ಡಯೋಡ್ ಎರಡೂ ಕಡೆ OL.

ಡಯೋಡ್ ಹೋಗಿದೆ ಅಂತ ಹೊಸದು ಹುಡುಕಲು ಹೋದವನು, ಮೀಟರಿನ ಮೊನೆಯನ್ನು ಬೋರ್ಡಿನ ತಾಮ್ರದ ಬದಲು ಡಯೋಡಿನ ಕಾಲಿಗೇ ಇಟ್ಟೆ. 0.58 ಬಂತು. ಡಯೋಡ್ ಚೆನ್ನಾಗಿದೆ, ಬೆಸುಗೆ ಹೋಗಿದೆ. ಭೂತಗನ್ನಡಿ ಹಿಡಿದರೆ ಕಾಲಿನ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ. ಕಾದು ಆರಿ, ಕಾದು ಆರಿ ಸೋಲ್ಡರ್ ಬಿರುಕು ಬಿಟ್ಟಿತ್ತು. ಹಳೆ ಸೋಲ್ಡರ್ ತೆಗೆದು ಹೊಸದಾಗಿ ಹಾಕಿದೆ. ಕರೆಂಟ್ 280. ಈಗ ಎಂಟು ಗಂಟೆಗೆ 2.2 ಎಎಚ್, ಬೇಕಾದದ್ದು 1.3.

ನಿಮ್ಮ ಊರಿಗೆ ಇನ್ನೊಂದು ಮಾತು ಸೇರಿಸಬೇಕು. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಬಿದ್ದರೆ ಏನೂ ಕೆಡದೆಯೇ ಚಾರ್ಜ್ ನಿಂತುಹೋಗುತ್ತದೆ. 230 ಇರಬೇಕಾದ ಕಡೆ 170 ಬಂದರೆ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ 6.7 ವೋಲ್ಟ್ ಕೊಡುತ್ತದೆ. ಡಯೋಡಿನಲ್ಲಿ ಕಳೆದು ಉಳಿಯುವುದು ಬ್ಯಾಟರಿಯ ವೋಲ್ಟಿಗಿಂತ ಸ್ವಲ್ಪವೇ ಜಾಸ್ತಿ. 300 ಇದ್ದದ್ದು ನೂರಕ್ಕೂ ಕೆಳಗೆ ಬರುತ್ತದೆ. ಇದನ್ನು ಕಂಡುಹಿಡಿಯಲು ಮೇನ್ಸ್ ಮುಟ್ಟುವುದು ಬೇಡ. ಅದೇ ಚಾರ್ಜಿಂಗ್ ಕರೆಂಟನ್ನು ಸಂಜೆ ಏಳಕ್ಕೊಮ್ಮೆ, ರಾತ್ರಿ ಸೊಪ್ಪು ಹಾಕಲು ಎದ್ದಾಗ ಒಮ್ಮೆ ನೋಡಿ. ಸಂಜೆ 80, ನಡುರಾತ್ರಿ 270 ಬಂದರೆ ತಪ್ಪು ಲೈಟಿನದಲ್ಲ. ಚಾರ್ಜ್ ಮಾಡುವ ಹೊತ್ತನ್ನು ಬದಲಿಸಿ ಸಾಕು. ಎರಡೂ ಹೊತ್ತು 80 ಬಂದರೆ ಮೇಲೆ ಹೇಳಿದ ಕೆಪಾಸಿಟರ್, ಡಯೋಡ್, ಬೆಸುಗೆ ನೋಡಿ.

ಎಲ್‌ಇಡಿಯನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ನಿಮ್ಮ ದೂರಿಗೆ ಅದು ಕಾರಣವಾಗುವುದು ಅಪರೂಪ. ಒಂದೇ ಪರೀಕ್ಷೆ ಸಾಕು. ತುಂಬಿದ ಬ್ಯಾಟರಿಗೆ ಲೈಟ್ ಹಾಕಿ, ಬ್ಯಾಟರಿಯ ವೋಲ್ಟು ಮತ್ತು ಎಲ್‌ಇಡಿಗೆ ಹೋಗುವ ಕರೆಂಟ್ ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ಬರೆಯಿರಿ. ವೋಲ್ಟ್ ಬಿದ್ದು ಬೆಳಕೂ ಬಿದ್ದಿದ್ದರೆ ಎಲ್‌ಇಡಿಯದೇನೂ ಇಲ್ಲ. ವೋಲ್ಟ್ ಆರರ ಮೇಲೇ ಇದ್ದು ಕರೆಂಟ್ ಮಾತ್ರ ಬಿದ್ದಿದ್ದರೆ, ನಡುವೆ ಸ್ವಿಚ್ಚೋ ವೈರೋ ಬಿಸಿಯಾಗಿ ಕೈಕೊಡುತ್ತಿದೆ, ಇಲ್ಲವೇ ಕೆಲವು ಎಲ್‌ಇಡಿ ಕಾದಾಗ ಆರಿಹೋಗುತ್ತಿವೆ. ಆರುವ ಎಲ್‌ಇಡಿ ಕಣ್ಣಿಗೇ ಕಾಣುತ್ತದೆ, ಹಳದಿ ಚುಕ್ಕೆಯ ನಡುವೆ ಕಪ್ಪು ಮಚ್ಚೆ ಇರುತ್ತದೆ. ಸ್ವಿಚ್ಚಿನ ಅನುಮಾನವಿದ್ದರೆ ಉರಿಯುತ್ತಿರುವಾಗಲೇ ಅದರ ಎರಡು ಕಾಲಿಗೆ ಮೀಟರ್ ಹಿಡಿಯಿರಿ. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಬದಲಿಸಿ. ಕರೆಂಟ್ ಎಷ್ಟಿದೆ ಅಂತಲೂ ಗಮನಿಸಿ. ಆರು ವೋಲ್ಟಿನಲ್ಲಿ ಒಂದೊಂದು ಎಲ್‌ಇಡಿಗೂ ಒಂದು 150 ಓಮಿನ ರೆಸಿಸ್ಟರ್ ಇದ್ದರೆ ತಲಾ 20 ಮಿಲಿಆಂಪ್, 28 ಎಲ್‌ಇಡಿಗೆ 560. ಯಾರಾದರೂ ‘ಬೆಳಕು ಜಾಸ್ತಿ ಬರಲಿ’ ಅಂತ ಬೇರೆ ಎಲ್‌ಇಡಿ ಪಟ್ಟಿ ಕೂರಿಸಿಕೊಟ್ಟಿದ್ದರೆ ಅದು ಒಂದೂವರೆ ಆಂಪ್ ಎಳೆಯುತ್ತಿರಬಹುದು. ಆಗ ಯಾವ ಚಾರ್ಜರೂ ಸಾಲದು.

ಚಾರ್ಜರ್ ಸರಿಯಾದ ಮೇಲೆ ಒಂದು ಅಭ್ಯಾಸ ಬದಲಿಸಿಕೊಳ್ಳಬೇಕಾಗುತ್ತದೆ. 90 ಮಿಲಿಆಂಪ್ ಕೊಡುತ್ತಿದ್ದಾಗ ದಿನವಿಡೀ ಪ್ಲಗ್‌ನಲ್ಲಿ ಬಿಟ್ಟರೂ ನಡೆಯುತ್ತಿತ್ತು. 280 ಕೊಡುವ, ತಾನಾಗಿ ನಿಲ್ಲದ ಇಂಥ ಸಾದಾ ಚಾರ್ಜರ್‌ನಲ್ಲಿ ಬಿಟ್ಟರೆ ಬ್ಯಾಟರಿ ಒಳಗೇ ಕುದ್ದು ನೀರು ಆರಿ ಹೊಟ್ಟೆ ಉಬ್ಬುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಟರ್ಮಿನಲ್‌ನಲ್ಲಿ ವೋಲ್ಟ್ ನೋಡಿ. 7.2 ಮುಟ್ಟಿ ಒಂದೆರಡು ಗಂಟೆ ಆದ ಮೇಲೆ ಪ್ಲಗ್ ಕೀಳಿ. ನಿಮ್ಮ ಬಳಕೆಗೆ ಅದು ಎಷ್ಟು ಹೊತ್ತು ಅಂತ ಎರಡು ದಿನ ನೋಡಿದರೆ ಗೊತ್ತಾಗುತ್ತದೆ. ಹೂವಿನ ಅಕ್ಕ ಬೆಳಗ್ಗೆ ಒಂಬತ್ತಕ್ಕೆ ಹಾಕಿ, ಮಧ್ಯಾಹ್ನ ಊಟಕ್ಕೆ ಕೂರುವಾಗ ಕೀಳುತ್ತಾರೆ. ಹಿಂದಿನ ದಿನ ಲೈಟು ಉರಿಸದಿದ್ದರೆ ಹಾಕುವುದೇ ಇಲ್ಲ.